ಕಾಸರಗೋಡಿನಲ್ಲಿ ನೌಕರಿ, ಸುರತ್ಕಲ್‌ನಲ್ಲಿ ಎಂಟೆಕ್: ಸ್ಟಡಿ ಲೀವ್‌ನ ಸಂಬಳ ಮತ್ತು ಮೂರು ವರ್ಷದ ಬಾಂಡ್

ಪ್ರಶ್ನೆ: ನಾನು ಕಾಸರಗೋಡಿನ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಸಿವಿಲ್ ಜೂನಿಯರ್ ಇಂಜಿನಿಯರ್. ಮೊದಲು ಒಂದು ವರ್ಷ ಗುತ್ತಿಗೆ, ಆಮೇಲೆ ಏಳು ವರ್ಷ ಖಾಯಂ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಸ್ಟ್ರಕ್ಚರಲ್ ಎಂಟೆಕ್ ಮಾಡುವ ಆಸೆ. ಗೇಟ್ ಬರೆದಿದ್ದೇನೆ. ‘ಆಫೀಸು ಸ್ಪಾನ್ಸರ್ ಮಾಡುತ್ತದೆ, ಚಿಂತೆ ಬೇಡ’ ಎನ್ನುತ್ತಾರೆ ಸಹೋದ್ಯೋಗಿಗಳು. ನಮ್ಮ ಮನೆಯವರು ಬದಿಯಡ್ಕದ ಹತ್ತಿರ ಅನುದಾನಿತ ಶಾಲೆಯಲ್ಲಿ ಕನ್ನಡ ಮಾಷ್ಟ್ರು. ‘ಸ್ಟಡಿ ಲೀವ್ ಅಂದರೆ ಸಂಬಳ ಇಲ್ಲದ ರಜೆ’ ಎನ್ನುತ್ತಾರೆ ಅವರು. ಯಾರು ಸರಿ? ಗೇಟ್ ಸ್ಟೈಪೆಂಡೂ ಸಿಗುತ್ತದಾ? ವಾಪಸ್ ಬಂದ ಮೇಲೆ ಎರಡು ವರ್ಷ ಕೆಲಸ ಮಾಡಿ ಬಿಟ್ಟರೆ, ಉಳಿದ ಒಂದು ವರ್ಷದ ಹಣ ಮಾತ್ರ ಕಟ್ಟಿದರೆ ಸಾಕಾ?

ಉತ್ತರ:

ಮಾಷ್ಟ್ರು ಹೇಳಿದ್ದು ಅವರ ಮಟ್ಟಿಗೆ ಸರಿ, ನಿಮ್ಮ ಮಟ್ಟಿಗೆ ತಪ್ಪು. ಕಾಸರಗೋಡಿನಲ್ಲಿ ಒಂದೇ ಮನೆಯೊಳಗೆ ಎರಡು ನಿಯಮ ಪುಸ್ತಕ ಇರುವುದು ಸಾಮಾನ್ಯ. ಅವರ ರಜೆಗೆ ಕೇರಳ ಸೇವಾ ನಿಯಮಗಳು. ಅದರ 12ಬಿ ಅನುಬಂಧದಲ್ಲಿ ಓದಿಗೆಂದು ಕೊಡುವುದು ಭತ್ಯೆ ಇಲ್ಲದ ರಜೆ. ಸಂಬಳ ನಿಲ್ಲುತ್ತದೆ. ನಿಮಗೆ ಅನ್ವಯವಾಗುವುದು 1972ರ ಕೇಂದ್ರ ನಾಗರಿಕ ಸೇವೆಗಳ ರಜೆ ನಿಯಮಗಳು. ಅಲ್ಲಿ ನಿಯಮ 50ರಿಂದ 63ರವರೆಗೆ ಸ್ಟಡಿ ಲೀವ್‌ಗೆಂದೇ ಒಂದು ಅಧ್ಯಾಯ ಇದೆ. ಅದರ ಪ್ರಕಾರ ನಿಮಗೆ ಸಂಬಳ ಬರುತ್ತದೆ. ಮಂಗಳೂರಿನಲ್ಲಿ ಕರ್ನಾಟಕ ಸರ್ಕಾರದ ನೌಕರಿಯಲ್ಲಿರುವ ನೆಂಟರನ್ನು ಕೇಳಿದರೆ ಅವರು ಮೂರನೆಯ ಪುಸ್ತಕ ತೆಗೆಯುತ್ತಾರೆ. ಅದನ್ನೂ ಈಗ ಬದಿಗಿಡಿ.

ನಾನು ಇಲಾಖೆಯ ಎಸ್ಟಾಬ್ಲಿಷ್‌ಮೆಂಟ್ ವಿಭಾಗದಲ್ಲಿ ಬಹಳ ವರ್ಷ ರಜೆ ಫೈಲುಗಳನ್ನೇ ನೋಡಿದವನು. ಜನ ಸ್ಟಡಿ ಲೀವ್‌ನಲ್ಲಿ ಎಡವುವುದು ಸಂಬಳದ ವಿಷಯದಲ್ಲಿ ಅಲ್ಲ. ಇಪ್ಪತ್ತನಾಲ್ಕು ತಿಂಗಳು ಮುಗಿಯುವ ಹೊತ್ತಿಗೆ ಕೋರ್ಸ್ ಮುಗಿಯದೆ ಇರುವಾಗ ಎಡವುತ್ತಾರೆ. ಇಲ್ಲವಾದರೆ ಬಾಂಡಿನ ಮೂರನೇ ವರ್ಷದಲ್ಲಿ. ನಿಮ್ಮ ಕೊನೆಯ ಪ್ರಶ್ನೆ ಓದಿದಾಗ ಸ್ವಲ್ಪ ಗಾಬರಿಯಾಯಿತು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಅರ್ಹತೆ. ಪ್ರೊಬೇಷನ್ ಮುಗಿದಿರಬೇಕು. ಪ್ರೊಬೇಷನ್ನೂ ಸೇರಿ ಕನಿಷ್ಠ ಐದು ವರ್ಷದ ನಿರಂತರ ಖಾಯಂ ಸೇವೆ ಆಗಿರಬೇಕು. ನಿಮ್ಮ ಗುತ್ತಿಗೆಯ ಒಂದು ವರ್ಷ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಉಳಿದ ಏಳು ವರ್ಷವೇ ಧಾರಾಳ ಸಾಕು. ರಜೆ ಮುಗಿದ ಮೇಲೆ ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದಿರಬಾರದು ಎಂಬುದು ಇನ್ನೊಂದು ಷರತ್ತು. ಅದು ನಿಮಗೆ ಬಹಳ ದೂರದ ಮಾತು.

ಮುಖ್ಯ ಷರತ್ತು ವಿಷಯದ್ದು. ಓದುವ ವಿಷಯಕ್ಕೂ ಮಾಡುವ ಕೆಲಸಕ್ಕೂ ‘ನೇರ ಮತ್ತು ನಿಕಟ’ ಸಂಬಂಧ ಇರಬೇಕು ಎನ್ನುತ್ತದೆ ನಿಯಮ 50. ಕಟ್ಟಡದ ಎಸ್ಟಿಮೇಟ್ ಮಾಡುವವರು, ಕಾಂಕ್ರೀಟ್ ಹಾಕಿಸುವವರು ಸ್ಟ್ರಕ್ಚರಲ್ ಇಂಜಿನಿಯರಿಂಗ್ ಓದುತ್ತೇನೆ ಎಂದರೆ ಅದರಲ್ಲಿ ವಾದಕ್ಕೆ ಜಾಗವೇ ಇಲ್ಲ. ಕೆಲಸಕ್ಕೆ ನೇರ ಸಂಬಂಧ ಇಲ್ಲದಿದ್ದರೂ, ಆಡಳಿತಗಾರನಾಗಿ ಮನಸ್ಸು ವಿಶಾಲವಾಗಲು ನೆರವಾಗುವ ಓದಿಗೂ ನಿಯಮದಲ್ಲಿ ಒಂದು ಕಿಟಕಿ ಇಟ್ಟಿದ್ದಾರೆ. ಆದರೆ ಬರೀ ಅಕಾಡೆಮಿಕ್ ಅಥವಾ ಸಾಹಿತ್ಯದ ವಿಷಯಗಳಿಗೆ ಈ ರಜೆ ಇಲ್ಲ ಎಂದೂ ಅದೇ ನಿಯಮ ಹೇಳುತ್ತದೆ. ಹಿಂದೆ ಒಬ್ಬ ಗುಮಾಸ್ತರು ಕನ್ನಡ ಎಂಎಗೆ ರಜೆ ಕೇಳಿದ್ದರು. ಗಡಿನಾಡಿನ ಕಚೇರಿ, ಕನ್ನಡದ ಪತ್ರಗಳು ಬರುತ್ತವೆ, ಉಪಯೋಗ ಆಗುತ್ತದೆ ಎಂದು ಚಂದದ ಟಿಪ್ಪಣಿಯನ್ನೂ ಬರೆದಿದ್ದರು. ಓದಿ ನನಗೆ ಖುಷಿಯೇ ಆಯಿತು. ಆದರೂ ಫೈಲ್ ವಾಪಸ್ ಬಂತು. ಬಿಡಿ, ಅದು ಬೇರೆ ನೋವು.

ಅರ್ಹತೆ ಇದ್ದ ಮಾತ್ರಕ್ಕೆ ರಜೆ ಸಿಕ್ಕಿತು ಅಂತ ಅಲ್ಲ. ಯಾವ ರಜೆಯೂ ಹಕ್ಕಲ್ಲ ಎನ್ನುವುದು ಈ ನಿಯಮಗಳ ಬುನಾದಿ. ಸ್ಟಡಿ ಲೀವ್‌ಗೆ ಅದು ಇನ್ನೂ ಜಾಸ್ತಿ ಅನ್ವಯಿಸುತ್ತದೆ. ನಿಮ್ಮ ಕಚೇರಿಯಲ್ಲಿ ಇರುವುದೇ ಇಬ್ಬರು ಜೆಇಗಳು, ಅದರಲ್ಲಿ ಒಂದು ಹುದ್ದೆ ಖಾಲಿ ಎಂದಾದರೆ ‘ಸಾರ್ವಜನಿಕ ಸೇವೆಯ ಅಗತ್ಯ’ ಎಂಬ ಒಂದೇ ಸಾಲಿನಲ್ಲಿ ನಿರಾಕರಿಸಬಹುದು. ಅದಕ್ಕೇ ಅರ್ಜಿಯಲ್ಲಿ ಕೋರ್ಸಿನ ಹೆಸರು, ಅವಧಿ, ಬರೆಯುವ ಪರೀಕ್ಷೆ ಎಲ್ಲ ಸ್ಪಷ್ಟವಾಗಿರಲಿ. ಜೊತೆಗೆ ನಿಮ್ಮ ಕೆಲಸವನ್ನು ಯಾರು ನೋಡಿಕೊಳ್ಳಬಹುದು ಎಂದೂ ಎರಡು ಸಾಲು ಬರೆಯಿರಿ. ಇದನ್ನು ಯಾವ ನಿಯಮವೂ ಕೇಳುವುದಿಲ್ಲ. ಆದರೆ ಮೇಲಧಿಕಾರಿಗೆ ಬೇಕಾಗಿರುವುದು ಅದೇ.

ಈಗ ‘ಸ್ಪಾನ್ಸರ್’ ಎನ್ನುವ ಪದ. ಇದರಿಂದ ಬಹಳ ಜನ ಮೋಸ ಹೋಗಿದ್ದಾರೆ. ಕಾಲೇಜಿನ ಬಾಯಲ್ಲಿ ಸ್ಪಾನ್ಸರ್ ಅಂದರೆ, ನಿಮ್ಮನ್ನು ಓದಿನ ಅವಧಿಗೆ ಪೂರ್ತಿ ಬಿಡುಗಡೆ ಮಾಡುತ್ತೇವೆ, ಸಂಬಳ ನಾವೇ ಕೊಡುತ್ತೇವೆ ಎಂದು ಕಚೇರಿ ಬರೆದುಕೊಡುವ ಪತ್ರ. ಫೀಸನ್ನು ಕಚೇರಿ ಕಟ್ಟುತ್ತದೆ ಎಂದು ಅದರಲ್ಲಿ ಇರುವುದಿಲ್ಲ. ಸ್ಟಡಿ ಲೀವ್ ನಿಯಮದ ಪ್ರಕಾರ ಫೀಸು ನಿಮ್ಮದೇ ಖರ್ಚು. ತೀರಾ ವಿಶೇಷ ಸಂದರ್ಭದಲ್ಲಿ ಸರ್ಕಾರ ಕೊಡಬಹುದು ಎಂದು ಒಂದು ಸಾಲು ಇದೆ. ಆದರೆ ಅದನ್ನು ನಂಬಿ ಬ್ಯಾಂಕ್ ಸಾಲ ಬೇಡವೆನ್ನಬೇಡಿ. ಪ್ರಯಾಣ ಭತ್ಯೆಯೂ ಸಾಮಾನ್ಯವಾಗಿ ಇಲ್ಲ. ಒಟ್ಟಿನಲ್ಲಿ ನಿಮ್ಮ ಇಲಾಖೆ ಕೊಡುವ ಪ್ರಾಯೋಜನೆ ಎಂದರೆ ಸಮಯ ಮತ್ತು ಸಂಬಳ. ಇವೆರಡೂ ಸಣ್ಣವಲ್ಲ ಅನ್ನಿ.

ಸಂಬಳದ ಲೆಕ್ಕ ನೋಡೋಣ. 7ನೇ ವೇತನ ಆಯೋಗದ ಪಟ್ಟಿಯಲ್ಲಿ ಜೆಇಗಳದ್ದು 6ನೇ ಹಂತ. ಅದು 35,400ರಿಂದ ಶುರುವಾಗುತ್ತದೆ. ಏಳು ಇನ್‌ಕ್ರಿಮೆಂಟ್ ಆದ ಮೇಲೆ ನಿಮ್ಮ ಮೂಲ ವೇತನ 43,600 ಎಂದಿಟ್ಟುಕೊಳ್ಳುತ್ತೇನೆ. ತುಟ್ಟಿಭತ್ಯೆ ಆರು ತಿಂಗಳಿಗೊಮ್ಮೆ ಬದಲಾಗುತ್ತದೆ. ಲೆಕ್ಕ ಸುಲಭವಾಗಲಿ ಎಂದು 50% ಹಿಡಿಯೋಣ. ಆಗ ಅದು 21,800. ಕಾಸರಗೋಡು ಮನೆ ಬಾಡಿಗೆ ಭತ್ಯೆಗೆ ಝಡ್ ವರ್ಗದ ಊರು. 10%ನಂತೆ 4,360. ಒಟ್ಟು 69,760 ರೂಪಾಯಿ. ಭಾರತದೊಳಗೆ ಓದುವವರಿಗೆ ಸ್ಟಡಿ ಲೀವ್‌ನಲ್ಲಿ, ರಜೆಗೆ ಹೋಗುವ ಮುನ್ನ ಪಡೆಯುತ್ತಿದ್ದ ಪೂರ್ತಿ ವೇತನ, ಅದರ ಮೇಲೆ ತುಟ್ಟಿಭತ್ಯೆ ಮತ್ತು ಮನೆ ಬಾಡಿಗೆ ಭತ್ಯೆ ಸಿಗುತ್ತದೆ. ಕೈತಪ್ಪುವುದು ಸಾರಿಗೆ ಭತ್ಯೆ. ಇಡೀ ತಿಂಗಳು ರಜೆಯಲ್ಲಿದ್ದರೆ ಅದು ಇಲ್ಲ. ನಿಮ್ಮ ಹಂತಕ್ಕೆ ಕಾಸರಗೋಡಿನಂಥ ಊರಿನಲ್ಲಿ ಅದು 1,800, ಜೊತೆಗೆ ಅದರ ಮೇಲಿನ ತುಟ್ಟಿಭತ್ಯೆ. ಅಂದರೆ ತಿಂಗಳಿಗೆ 2,700ರಷ್ಟು ನಷ್ಟ.

ಬಾಡಿಗೆ ಭತ್ಯೆಯಲ್ಲಿ ಎರಡು ಕೊಂಡಿಗಳಿವೆ. ಮಂಗಳೂರು ವೈ ವರ್ಗದ ನಗರ, ಅಲ್ಲಿ ದರ ಇದರ ದುಪ್ಪಟ್ಟು. ಸುರತ್ಕಲ್‌ನಲ್ಲಿ ರೂಮು ಮಾಡಿದ್ದೇನೆ, ಆ ದರ ಕೊಡಿ ಎಂದು ಕೇಳುವವರಿದ್ದಾರೆ. ಸಿಗುವುದಿಲ್ಲ. ನೀವು ಯಾವ ಊರಿನಿಂದ ರಜೆಗೆ ಹೊರಟಿರೋ ಆ ಊರಿನ ದರವೇ. ಎರಡನೆಯದು, ಮೊದಲ 180 ದಿನ ಈ ಭತ್ಯೆ ತಾನಾಗಿ ಬರುತ್ತದೆ. ಅದರ ನಂತರ ಮುಂದುವರಿಯಬೇಕಾದರೆ ನಿಗದಿತ ಪ್ರಮಾಣಪತ್ರ ಕೊಡಬೇಕು. ಕಾಸರಗೋಡಿನ ಮನೆ ಹಾಗೇ ಇದೆ, ಮನೆಯವರು ಅಲ್ಲೇ ಇದ್ದಾರೆ, ಬಾಡಿಗೆಯ ಖರ್ಚು ನಡೆಯುತ್ತಿದೆ ಎಂಬ ಅರ್ಥದ್ದು. ನಿಮ್ಮ ಮನೆಯವರ ಶಾಲೆ ಇಲ್ಲೇ ಇರುವುದರಿಂದ ನಿಮಗೆ ಇದು ಕಷ್ಟವಾಗಲಾರದು. ಆದರೆ ಏಳನೇ ತಿಂಗಳಿನಲ್ಲಿ ಆ ಕಾಗದ ಕೊಡಲು ಮರೆಯುತ್ತಾರೆ, ಭತ್ಯೆ ನಿಲ್ಲುತ್ತದೆ, ಆಮೇಲೆ ಅದನ್ನು ಮತ್ತೆ ಶುರುಮಾಡಿಸಲು ಕೌಂಟರ್ ಕೌಂಟರ್ ಅಲೆಯಬೇಕಾಗುತ್ತದೆ.

ಇನ್‌ಕ್ರಿಮೆಂಟ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಸ್ಟಡಿ ಲೀವ್ ಇನ್‌ಕ್ರಿಮೆಂಟಿಗೂ ಬಡ್ತಿಗೂ ಸೀನಿಯಾರಿಟಿಗೂ ಸೇವೆಯೆಂದೇ ಎಣಿಕೆಯಾಗುತ್ತದೆ. ಆದರೆ ರಜೆಯಲ್ಲಿರುವಷ್ಟು ಕಾಲ ಹಳೆಯ 43,600ರ ಮೇಲೆಯೇ ಸಂಬಳ. ಎರಡು ಇನ್‌ಕ್ರಿಮೆಂಟಿನ ಹಣ ಕೈಗೆ ಬರುವುದು ವಾಪಸ್ ಡ್ಯೂಟಿಗೆ ಸೇರಿದ ದಿನದಿಂದ. ಅಂದು ನಿಮ್ಮ ಮೂಲ ವೇತನ 46,200 ಆಗುತ್ತದೆ. ಮಧ್ಯದ ಬಾಕಿ ಸಿಗುವುದಿಲ್ಲ. ಜುಲೈ ತಿಂಗಳ ಸ್ಲಿಪ್ ನೋಡಿ ‘ಇನ್‌ಕ್ರಿಮೆಂಟ್ ಹಾಕಿಲ್ಲ’ ಎಂದು ಗಲಾಟೆ ಮಾಡಬೇಡಿ.

ಇನ್ನು ಗೇಟ್ ಸ್ಟೈಪೆಂಡ್. ಎಂಟೆಕ್‌ಗೆ ತಿಂಗಳಿಗೆ 12,400 ಕೊಡುತ್ತಾರಲ್ಲ, ಅದು. ಸಂಬಳವೂ ಸ್ಟೈಪೆಂಡೂ ಎರಡೂ ಸೇರಿ ಬರುತ್ತದೆ ಎಂದು ಕನಸು ಕಾಣಬೇಡಿ. ರಜೆ ವೇತನ ಪಡೆಯಬೇಕಾದರೆ, ನನಗೆ ಯಾವ ವಿದ್ಯಾರ್ಥಿವೇತನ, ಸ್ಟೈಪೆಂಡ್, ಪಾರ್ಟ್‌ಟೈಮ್ ಕೆಲಸದ ಹಣ ಬರುತ್ತಿಲ್ಲ ಎಂದು ನೀವು ಬರೆದುಕೊಡಬೇಕು. ಬರುತ್ತಿದ್ದರೆ ಅಷ್ಟನ್ನು ರಜೆ ವೇತನದಿಂದ ಕಳೆಯುತ್ತಾರೆ. ಕಳೆದು ಕಳೆದು ಅರ್ಧ ವೇತನ ರಜೆಯಲ್ಲಿ ಸಿಗುವ ಮೊತ್ತಕ್ಕಿಂತ ಕೆಳಗೆ ಹೋಗಬಾರದು ಎಂಬ ಒಂದು ತಳ ಇದೆ, ಅಷ್ಟೇ. ನಿಮ್ಮ ಲೆಕ್ಕದಲ್ಲಿ 43,600ರಿಂದ 12,400 ಕಳೆದರೆ 31,200. ಅರ್ಧ ವೇತನ 21,800. ತಳ ಮುಟ್ಟಲಿಲ್ಲ. ಹಾಗಾಗಿ ಸ್ಟೈಪೆಂಡ್ ಪೂರ್ತಿ ಕಡಿತವಾಗುತ್ತದೆ. ನಿಮಗೆ ಒಂದು ರೂಪಾಯಿಯೂ ಹೆಚ್ಚು ಬರುವುದಿಲ್ಲ. ಮೇಲಾಗಿ ಸ್ಟೈಪೆಂಡ್ ತೆಗೆದುಕೊಂಡವರು ವಿಭಾಗದಲ್ಲಿ ಲ್ಯಾಬು, ಟ್ಯುಟೋರಿಯಲ್ ಎಂದು ವಾರಕ್ಕಿಷ್ಟು ಗಂಟೆ ಕೆಲಸ ಮಾಡಬೇಕು. ಸ್ಪಾನ್ಸರ್ ವರ್ಗದಲ್ಲಿ ಸೇರಿದವರಿಗೆ ಸಾಮಾನ್ಯವಾಗಿ ಸ್ಟೈಪೆಂಡೇ ಇರುವುದಿಲ್ಲ. ಕೆಲವರು ಸಾಮಾನ್ಯ ಗೇಟ್ ಸೀಟಿನಲ್ಲಿ ಸೇರಿ, ಕಾಲೇಜಿಗೆ ನೌಕರಿಯ ವಿಷಯ ಹೇಳದೆ, ಇಲಾಖೆಗೆ ಸ್ಟೈಪೆಂಡಿನ ವಿಷಯ ಹೇಳದೆ ಎರಡನ್ನೂ ತೆಗೆದುಕೊಳ್ಳುತ್ತಾರೆ. ಎರಡೂ ಕಡೆ ಸುಳ್ಳು ಪ್ರಮಾಣಪತ್ರ ಆಯಿತು ಅಲ್ವಾ? ಬ್ಯಾಂಕಿನ ಪಾಸ್‌ಬುಕ್ ಸುಳ್ಳು ಹೇಳುವುದಿಲ್ಲ. ಇದು ಬರೀ ವಸೂಲಿಗೆ ನಿಲ್ಲದೆ ಶಿಸ್ತುಕ್ರಮದವರೆಗೆ ಹೋಗುವ ವಿಷಯ.

ಇಲ್ಲಿಂದ ಮುಂದೆ ಕ್ಯಾಲೆಂಡರ್ ಕೈಯಲ್ಲಿ ಹಿಡಿದು ಓದಿ.

ಇಡೀ ಸೇವೆಯಲ್ಲಿ ಸ್ಟಡಿ ಲೀವ್ ಒಟ್ಟು 24 ತಿಂಗಳು. ಒಂದು ಸಲಕ್ಕೆ ಸಾಮಾನ್ಯವಾಗಿ 12 ತಿಂಗಳು. ಎಂಟೆಕ್ ಎರಡು ವರ್ಷದ ಕೋರ್ಸ್. ಅಂದರೆ ನಿಮ್ಮ ಬಟ್ಟಲು ಅಂಚಿನವರೆಗೆ ತುಂಬಿದೆ. ಒಂದು ಹನಿಗೂ ಜಾಗವಿಲ್ಲ. ಆಗಸ್ಟ್ 1ಕ್ಕೆ ರಜೆ ಶುರುವಾದರೆ ಎರಡು ವರ್ಷ ಕಳೆದು ಜುಲೈ 31ಕ್ಕೆ ಮುಗಿಯಿತು. ಎಂಟೆಕ್‌ನ ಎರಡನೇ ವರ್ಷ ಹೆಚ್ಚುಕಡಿಮೆ ಪೂರ್ತಿ ಪ್ರಾಜೆಕ್ಟ್, ಥೀಸಿಸ್. ಲ್ಯಾಬಿನ ಯಂತ್ರ ಕೆಟ್ಟಿತು, ಗೈಡ್ ಊರಲ್ಲಿ ಇಲ್ಲ, ಕ್ಯೂರಿಂಗ್ ಆಗಬೇಕಾದ ಕಾಂಕ್ರೀಟ್ ಬೀಮು ಇಪ್ಪತ್ತೆಂಟು ದಿನ ಕಾಯಿಸಿತು. ಹೀಗೆ ಒಂದೆರಡು ತಿಂಗಳು ಜಾರುವುದು ಆಶ್ಚರ್ಯವಲ್ಲ. ಹಾಗೆ ಜಾರಿದಾಗ ಏನು ಮಾಡುತ್ತೀರಿ ಎನ್ನುವುದನ್ನು ಹೊರಡುವ ಮೊದಲೇ ತೀರ್ಮಾನಿಸಬೇಕು.

ದಾರಿ ಇದೆ. ಸ್ಟಡಿ ಲೀವ್ ಜೊತೆ ಬೇರೆ ರಜೆ ಸೇರಿಸಬಹುದು. ಆದರೆ ಎಲ್ಲ ಸೇರಿ ಕೆಲಸದಿಂದ ದೂರ ಇರುವ ಅವಧಿ 28 ತಿಂಗಳು ಮೀರಬಾರದು. ಪಿಎಚ್‌ಡಿಗೆ ಹೋಗುವವರಿಗೆ ಅದು 36 ತಿಂಗಳು. ವೇತನವಿಲ್ಲದ ಅಸಾಧಾರಣ ರಜೆಯನ್ನು ಮಾತ್ರ ಈ ಮಿತಿಯೊಳಗೆ ಎಣಿಸುವುದಿಲ್ಲ. ಅಂದರೆ ನಿಮ್ಮ 24 ತಿಂಗಳ ಹಿಂದೆ ನಾಲ್ಕು ತಿಂಗಳಷ್ಟು ಗಳಿಕೆ ರಜೆ ಜೋಡಿಸಲು ಜಾಗ ಇದೆ. ನಿಮ್ಮ ಖಾತೆಯಲ್ಲಿ ಗಳಿಕೆ ರಜೆ 120 ದಿನವಾದರೂ ಇರಲಿ. ಥೀಸಿಸ್ ಅಕ್ಟೋಬರ್ ಕೊನೆಗೆ ಮುಗಿದರೆ, ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ 92 ದಿನ ಗಳಿಕೆ ರಜೆ. ಒಟ್ಟು 27 ತಿಂಗಳು. ಸಂಬಳಕ್ಕೂ ಕುತ್ತಿಲ್ಲ, ನಿಯಮಕ್ಕೂ ಕುತ್ತಿಲ್ಲ.

ಆದರೆ ಜನ ಮಾಡುವುದು ಏನು? ಅಡ್ಮಿಷನ್‌ಗೆ ಮುಂಚೆ ಮನೆ ಕೆಲಸ, ಮದುವೆ, ಗೇಟ್ ತಯಾರಿ ಎಂದು ಇದ್ದ ಗಳಿಕೆ ರಜೆಯನ್ನೆಲ್ಲ ತಿಂದು ಮುಗಿಸುತ್ತಾರೆ. ಇನ್ನು ಕೆಲವರು ಸ್ಟಡಿ ಲೀವ್ ಆದೇಶ ಬರುವುದು ತಡವಾಯಿತೆಂದು ಮೊದಲ ಎರಡು ತಿಂಗಳು ಗಳಿಕೆ ರಜೆ ಹಾಕಿ ತರಗತಿಗೆ ಹೋಗುತ್ತಾರೆ. ಇದು ತಪ್ಪಲ್ಲ. ಎರಡು ರಜೆ ಸೇರಿಸಿ ಮಂಜೂರಾಗಿದ್ದರೆ ಗಳಿಕೆ ರಜೆಯ ಹೊತ್ತಿನಲ್ಲೇ ಕೋರ್ಸ್ ಶುರುಮಾಡಬಹುದು ಎಂದು ನಿಯಮವೇ ಹೇಳುತ್ತದೆ. ಮುಂದೆ ಬಳಸಿದರೂ ಹಿಂದೆ ಬಳಸಿದರೂ 28 ತಿಂಗಳ ಲೆಕ್ಕ ಒಂದೇ. ಆದರೆ ‘ಸೇರಿಸಿ ಮಂಜೂರಾಗಿದ್ದರೆ’ ಎಂಬುದನ್ನು ಗಮನಿಸಿ. ಆದೇಶವೇ ಇಲ್ಲದೆ ನಂಬಿಕೆಯ ಮೇಲೆ ತರಗತಿಗೆ ಹೋಗಿ ಕೂತರೆ ಅದು ನಿಮ್ಮ ಸ್ವಂತ ಜವಾಬ್ದಾರಿ. ಮಂಜೂರಾದ ಕೋರ್ಸನ್ನು ಬದಲಿಸುವುದಕ್ಕೂ ಇದೇ ಮಾತು. ಸ್ಟ್ರಕ್ಚರಲ್ ಎಂದು ಮಂಜೂರು ಮಾಡಿಸಿಕೊಂಡು, ಅಲ್ಲಿ ಹೋಗಿ ಬೇರೆ ವಿಭಾಗಕ್ಕೆ ಹಾರಬೇಡಿ. ಹಾರಲೇಬೇಕೆಂದಿದ್ದರೆ ಮೊದಲು ಒಪ್ಪಿಗೆ ತರಿಸಿಕೊಳ್ಳಿ.

12 ತಿಂಗಳ ವಿಷಯಕ್ಕೆ ಬರುತ್ತೇನೆ. ಕೆಲವು ಕಚೇರಿಗಳು 24 ತಿಂಗಳಿಗೂ ಒಂದೇ ಆದೇಶ ಕೊಡುತ್ತವೆ. ಕೆಲವು ಮೊದಲು 12 ತಿಂಗಳು ಕೊಟ್ಟು, ಆಮೇಲೆ ವಿಸ್ತರಿಸುತ್ತವೆ. ನಿಮ್ಮ ಅರ್ಜಿಯಲ್ಲಿ ಮೊದಲೇ ‘ಕೋರ್ಸಿನ ಪೂರ್ಣ ಅವಧಿ 24 ತಿಂಗಳು’ ಎಂದು ಬರೆದು ಅಷ್ಟಕ್ಕೂ ಕೇಳಿ. ಆದೇಶದಲ್ಲಿ 12 ಎಂದಿದ್ದರೆ, ಅದು ಮುಗಿಯುವುದಕ್ಕೆ ಎರಡು ಮೂರು ತಿಂಗಳು ಮೊದಲೇ ವಿಸ್ತರಣೆಗೆ ಅರ್ಜಿ ಹಾಕಿ. ವಿಸ್ತರಣೆಗೆ ಬೇರೆ ಬಾಂಡ್ ಬೇಕು. ಮೊದಲನೆಯದು 7ನೇ ನಮೂನೆ, ವಿಸ್ತರಣೆಯದು 8ನೇ ನಮೂನೆ. ಇನ್ನೂ ಖಾಯಂ ಆಗದವರಿಗೆ 9 ಮತ್ತು 10, ಅದರಲ್ಲಿ ಜಾಮೀನುದಾರರ ಸಹಿಯೂ ಬೇಕು. ನಿಮಗೆ ಅದರ ತಲೆನೋವಿಲ್ಲ. ಒಬ್ಬರು ಮೊದಲ ವರ್ಷ ಮುಗಿದದ್ದನ್ನೇ ಮರೆತು ಎರಡನೇ ವರ್ಷದ ತರಗತಿಯಲ್ಲಿ ಆರಾಮಾಗಿ ಕೂತಿದ್ದರು. ಇತ್ತ ಸಂಬಳ ನಿಂತಿತು, ಫೈಲಿನಲ್ಲಿ ‘ಅನಧಿಕೃತ ಗೈರುಹಾಜರಿ’ ಎಂದು ಬಿತ್ತು. ಅದನ್ನು ಸರಿಮಾಡಲು ಅವರಿಗೆ ಹಿಡಿದ ಕಾಲದಲ್ಲಿ ಇನ್ನೊಂದು ಸೆಮಿಸ್ಟರ್ ಮುಗಿಸಬಹುದಿತ್ತು.

ಕೋರ್ಸ್ ಬೇಗ ಮುಗಿದರೆ? ಎಂಟೆಕ್‌ನಲ್ಲಿ ಇದು ಅಪರೂಪ. ಆದರೂ ಮೇ ಕೊನೆಗೆ ಎಲ್ಲ ಮುಗಿದು ರಜೆ ಜುಲೈವರೆಗೆ ಇದೆಯೆಂದರೆ ಮನೆಯಲ್ಲಿ ಕೂರುವ ಹಾಗಿಲ್ಲ. ಕೋರ್ಸ್ ಮುಗಿದ ಕೂಡಲೇ ಡ್ಯೂಟಿಗೆ ಸೇರಬೇಕು. ಉಳಿದ ದಿನಗಳನ್ನು ಸಾಮಾನ್ಯ ರಜೆ ಎಂದು ಪರಿಗಣಿಸಲು ಮೊದಲೇ ಮಂಜೂರಾತಿ ಪಡೆದಿದ್ದರೆ ಮಾತ್ರ ಸರಿ.

ಈಗ ಬಾಂಡ್. ನೀವು ಮೂರು ವರ್ಷವನ್ನು ಸಾಲದ ಕಂತಿನ ಹಾಗೆ ಲೆಕ್ಕ ಹಾಕಿದ್ದೀರಿ. ವರ್ಷಕ್ಕೆ ಮೂರನೇ ಒಂದು ಭಾಗ ತೀರುತ್ತಾ ಹೋಗುತ್ತದೆ ಎಂದು. ಬಹಳ ಜನ ಹಾಗೆಯೇ ಅಂದುಕೊಂಡಿದ್ದಾರೆ. ಖಾಸಗಿ ಕಂಪನಿಗಳ ಬಾಂಡ್‌ಗಳಲ್ಲಿ ಹಾಗೆ ಇರುವುದೂ ಉಂಟು. ಇಲ್ಲಿ ಹಾಗಿಲ್ಲ. ನಿಯಮ 63ರಲ್ಲಿ ಭಾಗ ಮಾಡುವ ಮಾತೇ ಇಲ್ಲ. ವಾಪಸ್ ಬಾರದೆ ಬಿಟ್ಟರೂ, ಬಂದು ಮೂರು ವರ್ಷದೊಳಗೆ ಯಾವತ್ತು ರಾಜೀನಾಮೆ ಕೊಟ್ಟರೂ ಹಿಂತಿರುಗಿಸಬೇಕಾದ್ದು ಸರ್ಕಾರ ಖರ್ಚು ಮಾಡಿದ ನಿಜವಾದ ಮೊತ್ತ. ರಜೆ ವೇತನ, ಫೀಸು ಕೊಟ್ಟಿದ್ದರೆ ಫೀಸು, ಬೇರೆ ಖರ್ಚಿದ್ದರೆ ಅದೂ. ನಿಮ್ಮ ಲೆಕ್ಕದಲ್ಲಿ 69,760ನ್ನು 24ರಿಂದ ಗುಣಿಸಿದರೆ 16,74,240. ಮೊದಲ ತಿಂಗಳಲ್ಲಿ ಬಿಟ್ಟರೂ ಹತ್ತಿರಹತ್ತಿರ ಅಷ್ಟು. ಎರಡು ವರ್ಷ ಹನ್ನೊಂದು ತಿಂಗಳಿಗೆ ಬಿಟ್ಟರೂ ಅಷ್ಟೇ. ಬೇಡಿಕೆ ನೋಟಿಸ್ ಬಂದ ದಿನದಿಂದ ಅದಕ್ಕೆ ಬಡ್ಡಿ. ಆ ಹಣ ಕಟ್ಟುವವರೆಗೆ ರಾಜೀನಾಮೆ ಒಪ್ಪುವುದಿಲ್ಲ.

ಅಷ್ಟಕ್ಕೇ ಮುಗಿಯುವುದಿಲ್ಲ. ನೀವು ತೆಗೆದುಕೊಂಡ ಸ್ಟಡಿ ಲೀವನ್ನೇ ಹಿಂದಿನ ದಿನಾಂಕದಿಂದ ಬದಲಾಯಿಸುತ್ತಾರೆ. ರಜೆ ಶುರುವಾದ ದಿನ ನಿಮ್ಮ ಖಾತೆಯಲ್ಲಿ ಎಷ್ಟು ಗಳಿಕೆ ರಜೆ, ಅರ್ಧ ವೇತನ ರಜೆ ಇತ್ತೋ ಅಷ್ಟಕ್ಕೆ ಪರಿವರ್ತಿಸಿ, ಉಳಿದದ್ದನ್ನು ಅಸಾಧಾರಣ ರಜೆ ಎಂದು ಸರ್ವಿಸ್ ಬುಕ್ಕಿನಲ್ಲಿ ಬರೆಯುತ್ತಾರೆ. ಓದಿದ ಎರಡು ವರ್ಷ ಪುಸ್ತಕದಲ್ಲಿ ಬೇರೆಯೇ ಬಣ್ಣಕ್ಕೆ ತಿರುಗುತ್ತದೆ.

ನನ್ನ ಕೈಮೇಲೆ ಬಂದ ಒಂದು ಫೈಲ್ ನೆನಪಿದೆ. ರಜೆ ಮುಗಿಸಿ ಬಂದು ಎರಡು ವರ್ಷ ಒಂಬತ್ತು ತಿಂಗಳಾಗಿತ್ತು. ಒಳ್ಳೆಯ ಖಾಸಗಿ ಕೆಲಸ ಸಿಕ್ಕಿತು. ‘ಮೂರು ತಿಂಗಳದ್ದು ಕಟ್ಟುತ್ತೇನೆ’ ಎಂದು ರಾಜೀನಾಮೆ ಬರೆದರು. ನಾನು ಕರೆದು ನಿಯಮ ತೋರಿಸಿದೆ. ನಂಬಲಿಲ್ಲ. ಮೇಲಿನಿಂದ ಉತ್ತರ ಬಂದಾಗ ಪೂರ್ತಿ ಮೊತ್ತ. ಕೊನೆಗೆ ಹೊಸ ಕಂಪನಿಯವರನ್ನು ಕಾಡಿಬೇಡಿ ಸೇರುವ ದಿನಾಂಕವನ್ನು ಮೂರು ತಿಂಗಳು ಮುಂದೆ ಹಾಕಿಸಿಕೊಂಡರು. ಆ ಮೂರು ತಿಂಗಳು ಅವರು ಕಚೇರಿಗೆ ಬಂದಷ್ಟು ನಿಯತ್ತಾಗಿ ಅದಕ್ಕೆ ಮುಂಚೆ ಯಾವತ್ತೂ ಬಂದಿರಲಿಲ್ಲ.

ವಿನಾಯಿತಿ ಇಲ್ಲವೆಂದಲ್ಲ. ಆರೋಗ್ಯದ ಕಾರಣಕ್ಕೆ ನಿವೃತ್ತಿಯಾದವರಿಗೆ ವಸೂಲಿ ಇಲ್ಲ. ಸಾರ್ವಜನಿಕ ಹಿತದಲ್ಲಿ ಸ್ವಾಯತ್ತ ಸಂಸ್ಥೆಗೆ ಹೋಗಿ ಅಲ್ಲೇ ಖಾಯಂ ಆದವರಿಗೂ ಇಲ್ಲ. ಮೊತ್ತ ಮನ್ನಾ ಮಾಡುವ, ಇಳಿಸುವ ಅಧಿಕಾರ ಕೂಡ ಸರ್ಕಾರಕ್ಕಿದೆ. ನನ್ನ ಕಾಲದಲ್ಲಿ ಅದು ಸುಲಭಕ್ಕೆ ಸಿಕ್ಕಿದ್ದನ್ನು ನಾನು ನೋಡಿಲ್ಲ. ಇಲಾಖೆಯ ಮೂಲಕವೇ ಅರ್ಜಿ ಹಾಕಿ ಇನ್ನೊಂದು ಸರ್ಕಾರಿ ಹುದ್ದೆಗೆ ಹೋಗುವವರಿಂದ ಹಣ ಕೇಳುವ ಬದಲು, ಉಳಿದ ಅವಧಿಯನ್ನು ಹೊಸ ಜಾಗದಲ್ಲಿ ಮುಗಿಸುತ್ತೇನೆಂದು ಹೊಸ ಬಾಂಡ್ ಬರೆಸಿಕೊಳ್ಳುವ ಪದ್ಧತಿ ಇದೆ. ನಿಮಗೆ ಮುಂದೆ ಬೇರೆ ಕೆಲಸದ ಯೋಚನೆ ಇದ್ದರೆ ಈ ವ್ಯತ್ಯಾಸ ಮುಖ್ಯ. ಖಾಸಗಿಗೆ ಹೋದರೆ ಹದಿನಾರು ಲಕ್ಷ, ಸರಿಯಾದ ದಾರಿಯಲ್ಲಿ ಸರ್ಕಾರಿಗೇ ಹೋದರೆ ಒಂದು ಸಹಿ.

ಇದಕ್ಕಿಂತ ಸದ್ದಿಲ್ಲದ ಅಪಾಯ ಇನ್ನೊಂದು. ಮೂರು ವರ್ಷ ಪೂರ್ತಿ ಸೇವೆ ಮಾಡಿದರೂ, ಕೋರ್ಸ್ ಮುಗಿಸದಿದ್ದರೆ ಇದೇ ನಿಯಮ 63 ಅಂಟಿಕೊಳ್ಳುತ್ತದೆ. ರಜೆ ಮುಗಿಸಿ ಬಂದವರು ಪಾಸಾದ ಪ್ರಮಾಣಪತ್ರ, ಕೋರ್ಸ್ ಶುರುವಾದ ಮತ್ತು ಮುಗಿದ ದಿನಾಂಕ, ವಿಭಾಗದವರ ಷರಾ ಎಲ್ಲ ಸಲ್ಲಿಸಬೇಕು. ಕೊಡಲಾಗದಿದ್ದರೆ ಹಣ ವಾಪಸ್. ಮೇಲೆ ಹೇಳಿದ ಆರೋಗ್ಯದ ವಿನಾಯಿತಿಯೂ ಕೋರ್ಸ್ ಮುಗಿಸದವರಿಗೆ ಇಲ್ಲ. ಥೀಸಿಸ್ ಅರ್ಧಕ್ಕೆ ಬಿಟ್ಟು, ‘ವಾಪಸ್ ಬಂದು ಶನಿವಾರ ಭಾನುವಾರ ಬರೆದು ಮುಗಿಸುತ್ತೇನೆ’ ಎಂದುಕೊಂಡು ಡ್ಯೂಟಿಗೆ ಸೇರುವವರು ಸಿಕ್ಕಿಬೀಳುವುದು ಇಲ್ಲಿಯೇ. ಸೇರಿದ ಮೊದಲ ವಾರ ಮೇಜಿನ ಮೇಲೆ ಎರಡು ವರ್ಷದ ಬಾಕಿ ಫೈಲು. ಯಾವ ಶನಿವಾರ, ಯಾವ ಭಾನುವಾರ? ಆ 120 ದಿನ ಗಳಿಕೆ ರಜೆ ಉಳಿಸಿ ಎಂದು ನಾನು ಅಷ್ಟು ಹೇಳಿದ್ದು ಇದಕ್ಕೇ. ಥೀಸಿಸ್ ಸಲ್ಲಿಸಿ, ವೈವಾ ಮುಗಿಸಿಯೇ ಕಾಸರಗೋಡಿಗೆ ಬನ್ನಿ. ಪದವಿ ಪ್ರಮಾಣಪತ್ರ ಘಟಿಕೋತ್ಸವದವರೆಗೆ ಬಾರದಿದ್ದರೆ ಪರವಾಗಿಲ್ಲ. ಕೋರ್ಸ್ ಪೂರ್ಣಗೊಂಡ ಪತ್ರ ಮತ್ತು ಅಂಕಪಟ್ಟಿ ಕೈಗೆ ತೆಗೆದುಕೊಂಡು ಬನ್ನಿ, ಡಿಗ್ರಿ ಆಮೇಲೆ ಸಲ್ಲಿಸುತ್ತೇನೆ ಎಂದು ಬರವಣಿಗೆಯಲ್ಲಿ ತಿಳಿಸಿ.

ನೀವು ಕೇಳದೆ ಬಿಟ್ಟ, ಆದರೆ ಮನೆಯಲ್ಲಿ ಖಂಡಿತ ಮಾತಾಗುವ ಸಂಗತಿ ಇನ್ನೊಂದು ಉಳಿಯಿತು. ಬಾಂಡ್‌ನಲ್ಲಿ ನೀವು ಸರ್ಕಾರಕ್ಕೆ ಸೇವೆ ಸಲ್ಲಿಸುತ್ತೇನೆಂದು ಬರೆಯುತ್ತೀರಿ. ಕಾಸರಗೋಡಿನಲ್ಲಿ ಎಂದು ಬರೆಯುವುದಿಲ್ಲ. ಎರಡು ವರ್ಷ ನಿಮ್ಮ ಕುರ್ಚಿ ಖಾಲಿ ಇಡಲು ಆಗುವುದಿಲ್ಲ. ಬೇರೆಯವರನ್ನು ಹಾಕುತ್ತಾರೆ. ನೀವು ವಾಪಸ್ ಬಂದಾಗ ಪೋಸ್ಟಿಂಗ್ ಕೊಚ್ಚಿಗೋ ತಿರುವನಂತಪುರಕ್ಕೋ ಆಗಬಹುದು. ಆಗ ‘ಸುರತ್ಕಲ್‌ನಿಂದಾದರೆ ವಾರವಾರ ಮನೆಗೆ ಬರುತ್ತಿದ್ದೆ, ಇದು ಅದಕ್ಕಿಂತ ದೂರ’ ಎನಿಸುತ್ತದೆ. ಬೇಸರಕ್ಕೆ ರಾಜೀನಾಮೆ ಕೊಡೋಣ ಎಂದರೆ ಹದಿನಾರು ಲಕ್ಷ ಎದುರಿಗೆ ನಿಂತಿರುತ್ತದೆ. ಗಂಡ ಹೆಂಡತಿ ಒಂದೇ ಊರಿನಲ್ಲಿರಲು ಅವಕಾಶ ಕೊಡಿ ಎಂದು ಕೋರಬಹುದು. ನಿಮ್ಮ ಮನೆಯವರದ್ದು ಅನುದಾನಿತ ಶಾಲೆಯ ನೌಕರಿ, ಅವರನ್ನು ನಿಮ್ಮ ಹಿಂದೆ ವರ್ಗ ಮಾಡಲು ಆಗುವುದಿಲ್ಲ ಎಂಬುದೇ ಆ ಕೋರಿಕೆಯ ಬಲ. ಆದರೆ ಅದು ಕೋರಿಕೆ ಮಾತ್ರ. ರಜೆ ಮುಗಿಯಲು ಮೂರು ನಾಲ್ಕು ತಿಂಗಳಿರುವಾಗಲೇ ಬರೆದು ಹಾಕಿ, ಸೇರುವ ದಿನ ಬಾಯಿಮಾತಿನಲ್ಲಿ ಕೇಳಬೇಡಿ.

ಸದ್ಯಕ್ಕೆ ಮಾಡಬೇಕಾದ್ದು ಮೂರು ಕೆಲಸ. ನಿಮ್ಮ ರಜೆ ಖಾತೆಯ ಪ್ರತಿ ತೆಗೆಸಿ, ಗಳಿಕೆ ರಜೆ ಎಷ್ಟಿದೆ ನೋಡಿ. ಖಾಯಂ ಆದ ಆದೇಶ ಸರ್ವಿಸ್ ಬುಕ್ಕಿನಲ್ಲಿ ನಮೂದಾಗಿದೆಯೇ ಎಂದು ಕಣ್ಣಾರೆ ನೋಡಿ. ಆಗಿಲ್ಲದಿದ್ದರೆ ನಿಮ್ಮನ್ನು ಸುಮ್ನೆ 9ನೇ ನಮೂನೆಗೆ ತಳ್ಳುತ್ತಾರೆ, ಜಾಮೀನುದಾರರನ್ನು ಹುಡುಕುತ್ತಾ ಮುಳ್ಳೇರಿಯಾದಿಂದ ಉಪ್ಪಳದವರೆಗೆ ಓಡಾಡಬೇಕಾಗುತ್ತದೆ. ಮತ್ತೆ ಅಡ್ಮಿಷನ್ ಅರ್ಜಿ ಹಾಕುವ ಮೊದಲೇ ಕಚೇರಿಯಿಂದ ಎನ್‌ಒಸಿ ಪಡೆಯಿರಿ. ಸೀಟು ಸಿಕ್ಕಿದ ಮೇಲೆ ಕೇಳೋಣ ಎಂದು ಕೂತರೆ, ಫೀಸು ಕಟ್ಟುವ ಕೊನೆಯ ದಿನ ಫೈಲು ಇನ್ನೂ ಯಾರದೋ ಮೇಜಿನ ಮೇಲೆ ಇರುತ್ತದೆ.